ತಣ್ಣಗಾದರೂ ಮರಳದ ವೋಲ್ಟೇಜು: 60 ಬ್ರಷ್‌ಲೆಸ್ ಮೋಟಾರುಗಳ ಬಗ್ಗೆ ಸರಬರಾಜುದಾರರಿಗೆ ದೂರು

ಗೋಕುಲ ರಸ್ತೆ ಕೈಗಾರಿಕಾ ಪ್ರದೇಶ, ಹುಬ್ಬಳ್ಳಿ
ಆಗಸ್ಟ್ 11

ಇವರಿಗೆ,
ಮಾರಾಟ ವಿಭಾಗದ ಮುಖ್ಯಸ್ಥರು

ವಿಷಯ: 48 ವೋಲ್ಟ್, 1000 ವ್ಯಾಟ್ ಬ್ರಷ್‌ಲೆಸ್ ಮೋಟಾರು, 60 ನಗ. ಮ್ಯಾಗ್ನೆಟ್ ದೋಷ. ಪೂರ್ತಿ ಬ್ಯಾಚ್ ವಾಪಸ್ ತೆಗೆದುಕೊಳ್ಳುವ ಬಗ್ಗೆ.

ಮಾನ್ಯರೇ,

ಮೇ ತಿಂಗಳ ಕೊನೆಗೆ ತಮ್ಮಿಂದ ಎರಡು ಪೆಟ್ಟಿಗೆಯಲ್ಲಿ ಬಂದ 60 ಮೋಟಾರುಗಳ ಪೈಕಿ 34ನ್ನು ನಾವು ಬ್ಯಾಟರಿ ಎಡೆಕುಂಟೆ ಯಂತ್ರಗಳಿಗೆ ಕೂಡಿಸಿ ಮಾರಿದ್ದೇವೆ. ಉಳಿದ 26 ಇನ್ನೂ ಡಬ್ಬಿಯಲ್ಲೇ ಇವೆ. ಮಾರಿದ 34ರಲ್ಲಿ ಇವತ್ತಿನವರೆಗೆ 21 ವಾಪಸ್ ಬಂದಿವೆ. ಫೋನಿನಲ್ಲಿ ತಮ್ಮ ಎಂಜಿನಿಯರರು "ಓವರ್‌ಲೋಡ್ ಆಗಿರಬೇಕು, ಕಂಟ್ರೋಲರ್ ನೋಡಿ" ಎಂದರು. ನೋಡಿದೆವು. ಕಂಟ್ರೋಲರನ್ನಷ್ಟೇ ಅಲ್ಲ, ವೈಂಡಿಂಗ್, ಹಾಲ್ ಸೆನ್ಸರ್, ಬೇರಿಂಗ್, ಕೊನೆಗೆ ಮ್ಯಾಗ್ನೆಟ್ಟನ್ನೂ ನೋಡಿದೆವು. ಯಾವುದನ್ನು ಹೇಗೆ ಅಳೆದೆವು, ಎಷ್ಟು ಬಂತು ಎಂಬುದನ್ನು ಈ ಪತ್ರದಲ್ಲಿ ಬರೆದಿದ್ದೇವೆ. ತಮ್ಮ ಟೆಸ್ಟ್ ಬೆಂಚಿನ ಮೇಲೆ ಇದೇ ಕ್ರಮದಲ್ಲಿ ಮಾಡಿ ನೋಡಿದರೆ ತಮಗೂ ಇದೇ ಬರಬೇಕು.

ಮೊದಲು ದೋಷ ಹೇಗೆ ಕಾಣುತ್ತದೆ ಎಂಬುದು. ನವಲಗುಂದ, ಅಣ್ಣಿಗೇರಿ, ಗದಗ ಕಡೆಯಿಂದ ಬಂದ ರೈತರೆಲ್ಲರ ಮಾತು ಹೆಚ್ಚುಕಡಿಮೆ ಒಂದೇ: "ಮ್ಯಾಲೆತ್ತಿ ಹಿಡದ್ರ ಭರ್ರಂತ ತಿರಗತೈತ್ರಿ, ಮಣ್ಣಾಗ ಇಳಿಸಿದ್ರ ನಿಂತಬಿಡತೈತ್ರಿ." ಈ ಮಾತಿನಲ್ಲೇ ಅರ್ಧ ಉತ್ತರವಿದೆ. ವೈಂಡಿಂಗ್ ಸುಟ್ಟ ಮೋಟಾರು ಹೀಗೆ ಭರ್ರೆನ್ನುವುದಿಲ್ಲ, ಖಾಲಿ ತಿರುಗುವಾಗಲೇ ಗೊರಗುಟ್ಟಿ ಬಿಸಿಯಾಗುತ್ತದೆ. ಹಾಲ್ ಸೆನ್ಸರ್ ಹೋದದ್ದು ಹೊರಡುವಾಗಲೇ ಜರ್ಕ್ ಹೊಡೆಯುತ್ತದೆ. ಖಾಲಿ ಇದ್ದಾಗ ಮೊದಲಿಗಿಂತ ಜೋರು, ಹೊರೆ ಬಿದ್ದಾಗ ಮೊದಲಿಗಿಂತ ಸೋಲು, ಇವೆರಡೂ ಒಟ್ಟಿಗೆ ಬಂದರೆ ರೋಟರಿನ ಮ್ಯಾಗ್ನೆಟ್ ಸೊರಗಿದೆ ಎಂದೇ ಮೊದಲ ಅನುಮಾನ. ಮ್ಯಾಗ್ನೆಟ್ ಸೊರಗಿದರೆ ಮೋಟಾರು ಹುಟ್ಟಿಸುವ ಎದುರು ವೋಲ್ಟೇಜು ಇಳಿಯುತ್ತದೆ. ಬ್ಯಾಟರಿಯ 48 ವೋಲ್ಟನ್ನು ಸರಿಗಟ್ಟಲು ಅದು ಇನ್ನೂ ಜೋರಾಗಿ ತಿರುಗಬೇಕಾಗುತ್ತದೆ. ಅದೇ ಕಾರಣಕ್ಕೆ ಪ್ರತಿ ಆಂಪ್‌ಗೆ ಸಿಗುವ ತಿರುಚು ಬಲವೂ ಅಷ್ಟೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ.

ಬೆಂಚಿನ ಮೇಲೆ ಸರಿಯಾಗಿ 48.0 ವೋಲ್ಟ್ ಕೊಟ್ಟು ಖಾಲಿ ಓಡಿಸಿದಾಗ ತಮ್ಮದೇ ಹಳೆಯ ಬ್ಯಾಚಿನ ಮೋಟಾರು ಸುಮಾರು 3,600 ಆರ್‌ಪಿಎಂ ತಿರುಗಿತು. ವಾಪಸ್ ಬಂದವುಗಳಲ್ಲಿ 17ನೇ ನಂಬರಿನದು ಸುಮಾರು 4,280 ತಿರುಗಿತು. ಹೊಲದಿಂದ ಬಂದ ಮಾತು ಬೆಂಚಿನ ಮೇಲೂ ನಿಜವಾಯಿತು.

ಲೇತ್ ಮೇಲೆ ಅಳತೆ, ಜುಲೈ 29

ಮ್ಯಾಗ್ನೆಟ್ಟಿನ ಬಲ ಅಳೆಯಲು ಮೋಟಾರು ಬಿಚ್ಚಬೇಕಿಲ್ಲ, ಬಿಚ್ಚಲೂಬಾರದು. ರೋಟರನ್ನು ಸ್ಟೇಟರಿನಿಂದ ಹೊರಗೆಳೆದರೆ ಮ್ಯಾಗ್ನೆಟ್ಟಿನ ಸುತ್ತಲಿನ ಕಬ್ಬಿಣದ ದಾರಿ ತಪ್ಪಿ ಅದು ಇನ್ನಷ್ಟು ಸೊರಗುವ ಸಾಧ್ಯತೆ ಇದೆ. ಆಮೇಲೆ ದೋಷ ಮೊದಲೇ ಇತ್ತೋ ಬಿಚ್ಚಿದ್ದಕ್ಕೆ ಬಂತೋ ಎಂಬ ಜಗಳ ಮುಗಿಯುವುದಿಲ್ಲ. ಆದ್ದರಿಂದ ತಮ್ಮ ಒಂದು ಮೋಟಾರನ್ನೂ ನಾವು ಬಿಚ್ಚಿಲ್ಲ. ಎಲ್ಲದರ ಸ್ಕ್ರೂ ಮೇಲಿನ ಕೆಂಪು ಬಣ್ಣದ ಗುರುತು ಹಾಗೇ ಇದೆ.

ಮಾಡಿದ್ದು ಇಷ್ಟು. ಮೋಟಾರಿನ ಶಾಫ್ಟನ್ನು ಲೇತಿನ ಮೂರು ದವಡೆಯ ಚಕ್‌ನಲ್ಲಿ ಹಿಡಿದು, ಮೋಟಾರಿನ ಮೈ ತಿರುಗದಂತೆ ಬುಡದ ಬೋಲ್ಟ್ ತೂತಿಗೆ ಒಂದು ರಾಡ್ ಹಾಕಿ, ಟೂಲ್ ಪೋಸ್ಟಿಗೆ ಒರಗಿಸಿದೆವು. ನಡುವೆ ಮರದ ತುಂಡು. ಕಂಟ್ರೋಲರ್ ಕಡೆಯ ಎಲ್ಲ ವೈರನ್ನೂ ಬಿಚ್ಚಿ, ದಪ್ಪನೆಯ ಮೂರು ಫೇಸ್ ವೈರುಗಳ ತುದಿಗೆ ಬೇರೆ ಬೇರೆ ಸ್ಲೀವ್ ಹಾಕಿದೆವು. ಇದನ್ನು ಮರೆತರೆ ಅಪಾಯ: ತಿರುಗುವಾಗ ಎರಡು ಫೇಸ್ ತಾಗಿದರೆ ಮೋಟಾರು ಒಮ್ಮೆಲೇ ಬ್ರೇಕ್ ಹಿಡಿದಂತಾಗಿ ರಾಡನ್ನು ಕಿತ್ತುಕೊಂಡು ಬರುತ್ತದೆ.

ಲೇತ್ ಚಾಲೂ ಮಾಡಿ ಎರಡು ಫೇಸುಗಳ ನಡುವೆ ಮೀಟರಿಟ್ಟು ಮೊದಲು ಎಸಿ ವೋಲ್ಟ್, ಆಮೇಲೆ ಅದೇ ಮೀಟರಿನಲ್ಲಿ ಹರ್ಟ್ಝ್ ಓದಿದೆವು. ಲೇತಿನ ವೇಗ ಎಷ್ಟೆಂದು ಬೇರೆ ಅಳೆಯಬೇಕಿಲ್ಲ. ಈ ಮೋಟಾರಿಗೆ 8 ಪೋಲ್, ಅಂದರೆ 4 ಜೋಡಿ, ಆದ್ದರಿಂದ ಹರ್ಟ್ಝನ್ನು 15ರಿಂದ ಗುಣಿಸಿದರೆ ಆರ್‌ಪಿಎಂ ಸಿಗುತ್ತದೆ. ನಮ್ಮ ಲೇತ್ ಆ ದಿನ 61.5 ಹರ್ಟ್ಝ್ ಕೊಟ್ಟಿತು, ಅಂದರೆ 922 ಆರ್‌ಪಿಎಂ. ಬೆಲ್ಟ್ ಕೊಂಚ ಜಾರಿದರೂ ಲೆಕ್ಕ ಕೆಡುವುದಿಲ್ಲ, ಯಾಕೆಂದರೆ ನಮಗೆ ಬೇಕಾದದ್ದು ವೋಲ್ಟನ್ನು ಹರ್ಟ್ಝ್‌ನಿಂದ ಭಾಗಿಸಿದ ಅಂಕಿ. ವೇಗ ಹೆಚ್ಚಾದರೆ ಎರಡೂ ಹೆಚ್ಚಾಗುತ್ತವೆ, ಇಳಿದರೆ ಎರಡೂ ಇಳಿಯುತ್ತವೆ. ಓದಲು ಸುಲಭವಾಗಲೆಂದು ಮುಂದೆ ಎಲ್ಲ ಕಡೆ 100 ಹರ್ಟ್ಝ್‌ಗೆ ಎಷ್ಟು ವೋಲ್ಟ್ ಎಂದು ಬರೆದಿದ್ದೇವೆ. ಎಲ್ಲಕ್ಕೂ ಒಂದೇ ಟ್ರೂ ಆರ್‌ಎಂಎಸ್ ಮೀಟರ್ ಬಳಸಿದ್ದೇವೆ. ಅದರ ಓದಿನಲ್ಲಿ 0.1ರಷ್ಟು ಹೆಚ್ಚುಕಡಿಮೆ ಆಗಬಹುದು ಎಂದು ಒಪ್ಪಿಕೊಂಡೇ ಲೆಕ್ಕ ಹಾಕಿದ್ದೇವೆ.

ಹಳೆಯ ಬ್ಯಾಚಿನ ಬಳಸದ ಸ್ಪೇರ್ ಮೋಟಾರು 8.67 ವೋಲ್ಟ್ ಕೊಟ್ಟಿತು. 61.5ರಿಂದ ಭಾಗಿಸಿದರೆ 100 ಹರ್ಟ್ಝ್‌ಗೆ 14.1. ಹೊಸ ಬ್ಯಾಚಿನ ಬಳಸದ ಮೋಟಾರು 8.40 ವೋಲ್ಟ್, ಅಂದರೆ 13.7. ಹೊಲದಿಂದ ವಾಪಸ್ ಬಂದ 17ನೇ ನಂಬರು 7.26 ವೋಲ್ಟ್, ಅಂದರೆ 11.8. ಹೊಸದು ಹಳೆಯದಕ್ಕಿಂತ ಶೇಕಡಾ 3ರಷ್ಟು ಕಡಿಮೆ ಇದೆ. ಅಷ್ಟು ವ್ಯತ್ಯಾಸವನ್ನು ತಯಾರಿಕೆಯ ಮಿತಿಯೊಳಗೆ ಎಂದು ನಾವು ಬಿಟ್ಟುಬಿಡುತ್ತಿದ್ದೆವು. ಆದರೆ ಎರಡು ತಿಂಗಳೂ ಆಗದ ಮೋಟಾರು ಶೇಕಡಾ 14ರಷ್ಟು ಬಲ ಕಳೆದುಕೊಂಡದ್ದನ್ನು ಯಾವ ಮಿತಿಗೂ ಸೇರಿಸಲಾಗದು.

ಇಲ್ಲೊಂದು ಮುಖ್ಯ ಮಾತು. ಅಳತೆಯನ್ನು ಒಂದೇ ಜೋಡಿ ಫೇಸಿಗೆ ನಿಲ್ಲಿಸದೆ ಮೂರೂ ಜೋಡಿಗೆ ತೆಗೆದುಕೊಂಡೆವು. 17ನೇ ನಂಬರಿಗೆ 11.8, 11.8, 11.7 ಬಂತು. ವೈಂಡಿಂಗಿನಲ್ಲಿ ಸುತ್ತುಗಳು ಒಂದಕ್ಕೊಂದು ತಾಗಿದ್ದರೆ ಆ ಫೇಸ್ ಸೇರಿದ ಜೋಡಿಗಳು ಇಳಿದು, ಮೂರನೆಯದು ಹಾಗೇ ಉಳಿಯುತ್ತಿತ್ತು. ಮೂರೂ ಒಂದೇ ಸಮ ಇಳಿದಿವೆ ಎಂದರೆ ಮೂರಕ್ಕೂ ಸಾಮಾನ್ಯವಾದದ್ದು ಯಾವುದೋ ಅದು ಸೊರಗಿದೆ. ಅದು ರೋಟರಿನ ಮ್ಯಾಗ್ನೆಟ್ ಮಾತ್ರ. ವಾಪಸ್ ಬಂದ 21ರಲ್ಲೂ ಹೀಗೆಯೇ ಇದೆ. ಅತಿ ಕಡಿಮೆ 11.4, ಅತಿ ಹೆಚ್ಚು 12.9.

ತಾಮ್ರದ ಲೆಕ್ಕವನ್ನೂ ಬಿಡಲಿಲ್ಲ. ಸಾಮಾನ್ಯ ಮೀಟರಿನಲ್ಲಿ ಇಷ್ಟು ಸಣ್ಣ ರೆಸಿಸ್ಟೆನ್ಸ್ ಓದಲು ಬರುವುದಿಲ್ಲ, ಪ್ರೋಬಿನದೇ ಅದಕ್ಕಿಂತ ಜಾಸ್ತಿ. ಪವರ್ ಸಪ್ಲೈಯಿಂದ ಎರಡು ಫೇಸುಗಳ ಮೂಲಕ 5 ಆಂಪ್ ಹರಿಸಿ, ವೈರಿನ ಬುಡದಲ್ಲಿ ಬೇರೆ ಪ್ರೋಬಿಟ್ಟು ಮಿಲಿವೋಲ್ಟ್ ಓದಿದೆವು. ಹಳೆಯದಕ್ಕೂ ಕೆಟ್ಟದ್ದಕ್ಕೂ 300ರ ಆಸುಪಾಸು, ಅಂದರೆ 60 ಮಿಲಿಓಮ್. ತಾಮ್ರ ಸರಿಯಿದೆ. ಹಾಲ್ ಸೆನ್ಸರುಗಳಿಗೆ 5 ವೋಲ್ಟ್ ಕೊಟ್ಟು ಶಾಫ್ಟನ್ನು ಕೈಯಲ್ಲಿ ತಿರುಗಿಸಿದಾಗ ಆರೂ ಹಂತ ಕ್ರಮವಾಗಿ ಬಂದವು. ಬೇರಿಂಗಿನಲ್ಲಿ ಸದ್ದಿಲ್ಲ, ನೀರು ಹೊಕ್ಕ ಕುರುಹಿಲ್ಲ.

ಓವರ್‌ಲೋಡ್ ಎಂಬ ಮಾತಿಗೆ

ತಮ್ಮ ಎಂಜಿನಿಯರರ ಮಾತನ್ನು ನಾವು ಹಗುರವಾಗಿ ತೆಗೆದುಕೊಂಡಿಲ್ಲ. ಎರೆ ಭೂಮಿಯಲ್ಲಿ ಮಳೆ ಬಿಟ್ಟ ಮೂರನೆಯ ದಿನ ಕುಂಟೆ ಎಳೆಯುವುದು ಸುಲಭದ ಹೊರೆಯಲ್ಲ. ಆದ್ದರಿಂದ ಅಣ್ಣಿಗೇರಿ ಹತ್ತಿರದ ಹತ್ತಿ ಹೊಲವೊಂದರಲ್ಲಿ ಹಳೆಯ ಬ್ಯಾಚಿನ ಮೋಟಾರು ಕೂಡಿಸಿದ ಯಂತ್ರವನ್ನು 40 ನಿಮಿಷ ಬಿಡದೆ ಓಡಿಸಿದೆವು. ಬ್ಯಾಟರಿ ವೈರಿನ ಮೇಲೆ ಡಿಸಿ ಕ್ಲ್ಯಾಂಪ್ ಮೀಟರ್ ಹಾಕಿದ್ದೆವು. ಸಾಲಿನಲ್ಲಿ 19ರಿಂದ 22 ಆಂಪ್ ಓಡುತ್ತಿತ್ತು, ಸಾಲಿನ ತುದಿಗೆ ತಿರುಗುವಾಗ ಕ್ಷಣಕಾಲ ಕಂಟ್ರೋಲರಿನ ಮಿತಿಯಾದ 30ಕ್ಕೆ ಮುಟ್ಟುತ್ತಿತ್ತು. 1000 ವ್ಯಾಟ್ ಎಂದು ಬರೆದ ಮೋಟಾರಿಗೆ ಇದು ಹೊರಲಾರದ ಭಾರವಲ್ಲ.

ಒಳಗಿನ ಬಿಸಿ ಎಷ್ಟಿತ್ತು ಎಂಬುದನ್ನು ತಾಮ್ರದಿಂದಲೇ ಕೇಳಿದೆವು. ನಿಲ್ಲಿಸಿದ ಅರ್ಧ ನಿಮಿಷದೊಳಗೆ ಮತ್ತೆ 5 ಆಂಪ್ ಹರಿಸಿ ಓದಿದರೆ 300 ಇದ್ದದ್ದು 380 ಮಿಲಿವೋಲ್ಟ್ ಆಗಿತ್ತು. ಬೆಳಿಗ್ಗೆ ಮೋಟಾರಿನ ಉಷ್ಣಾಂಶ 30 ಡಿಗ್ರಿ. ಲೆಕ್ಕ ಹೀಗೆ:

```
T2 = (R2 / R1) × (234.5 + T1) − 234.5
   = (380 / 300) × (234.5 + 30) − 234.5
   ≈ 100
```

ವೈಂಡಿಂಗ್ 100 ಡಿಗ್ರಿ, ಹೊರಮೈ 78 ಡಿಗ್ರಿ. ರೋಟರಿನ ಮ್ಯಾಗ್ನೆಟ್ ಇವೆರಡರ ನಡುವೆ ಎಲ್ಲೋ ಇರಬೇಕು. ತಮ್ಮ ಕೊಟೇಶನ್ನಿನಲ್ಲೂ ನಮ್ಮ ಪರ್ಚೇಸ್ ಆರ್ಡರಿನಲ್ಲೂ ಬರೆದಿರುವುದು ಎಫ್ ಕ್ಲಾಸ್ ಇನ್ಸುಲೇಶನ್ ಮತ್ತು ಎಚ್ ಗ್ರೇಡ್ ನಿಯೋಡಿಮಿಯಂ ಮ್ಯಾಗ್ನೆಟ್. ಎಫ್ ಕ್ಲಾಸ್ ಎಂದರೆ 155 ಡಿಗ್ರಿ. ಮ್ಯಾಗ್ನೆಟ್ ಗ್ರೇಡಿನಲ್ಲಿ ಅಂಕಿ ಅದರ ಬಲವನ್ನು ಹೇಳುತ್ತದೆ, ಕೊನೆಯ ಅಕ್ಷರ ತಾಳುವ ಬಿಸಿಯನ್ನು ಹೇಳುತ್ತದೆ. ಅಕ್ಷರವೇ ಇಲ್ಲದ್ದು 80 ಡಿಗ್ರಿಯದು, ಎಂ ಎಂದಿದ್ದರೆ 100, ಎಚ್ ಎಂದಿದ್ದರೆ 120, ಎಸ್‌ಎಚ್ ಎಂದಿದ್ದರೆ 150. ಎಚ್ ಗ್ರೇಡಿನ ಮ್ಯಾಗ್ನೆಟ್ಟಿಗೆ ನಮ್ಮ ಹೊಲದ ಬಿಸಿ ಲೆಕ್ಕಕ್ಕೇ ಬರಬಾರದು. ಅಕ್ಷರವಿಲ್ಲದ್ದು ಹಾಕಿದ್ದರೆ ಮಾತ್ರ ಇಂಥ ಬಿಸಿಯಲ್ಲಿ ಅದು ಸೋಲುತ್ತದೆ.

ಒಮ್ಮೆ ಸೋಲಲು ಶುರುವಾದರೆ ಅದು ಅಲ್ಲಿಗೇ ನಿಲ್ಲುವುದೂ ಇಲ್ಲ. 14.1ರ ಮೋಟಾರು ಫೇಸ್ ಕಡೆ 24 ಆಂಪ್‌ನಲ್ಲಿ ಎಳೆಯುವ ಕುಂಟೆಯನ್ನು 11.8ರ ಮೋಟಾರು ಎಳೆಯಬೇಕಾದರೆ ಸುಮಾರು 28.7 ಆಂಪ್ ಬೇಕು. ಕರೆಂಟ್ ಶೇಕಡಾ 19ರಷ್ಟು ಏರಿದರೆ ವೈಂಡಿಂಗಿನ ಬಿಸಿ ಅದರ ವರ್ಗದ ಪ್ರಮಾಣದಲ್ಲಿ ಶೇಕಡಾ 40ಕ್ಕಿಂತ ಹೆಚ್ಚು ಏರುತ್ತದೆ. ಆ ಬಿಸಿ ಮ್ಯಾಗ್ನೆಟ್ಟನ್ನು ಇನ್ನಷ್ಟು ಸೊರಗಿಸುತ್ತದೆ, ಸೊರಗಿದ್ದಕ್ಕೆ ಕರೆಂಟ್ ಮತ್ತೆ ಏರುತ್ತದೆ. ಆದ್ದರಿಂದ ವಾಪಸ್ ಬಂದ ಮೋಟಾರಿನ ವೈಂಡಿಂಗ್ ಕಪ್ಪಾಗಿರುವುದು ಒಂದೆರಡರಲ್ಲಿ ತಮಗೆ ಕಂಡರೆ ಅದನ್ನು ಓವರ್‌ಲೋಡಿನ ಸಾಕ್ಷಿ ಎಂದು ಎಣಿಸಬೇಡಿ. ಅದು ಕಾರಣವಲ್ಲ, ಪರಿಣಾಮ.

ಇನ್ನೂ ಒಂದು ಆಕ್ಷೇಪ ಬರಬಹುದು, ಅದು ನ್ಯಾಯವಾದ ಆಕ್ಷೇಪವೇ. ಬ್ಯಾಟರಿ ಕಡೆ 30 ಆಂಪ್ ಮಿತಿ ಇದ್ದರೂ ಕಡಿಮೆ ವೇಗದಲ್ಲಿ ಫೇಸ್ ಕಡೆ ಅದರ ಎರಡು ಮೂರು ಪಟ್ಟು ಹರಿಯಬಹುದು, ಆ ಕರೆಂಟಿನ ಎದುರು ಕ್ಷೇತ್ರವೇ ಮ್ಯಾಗ್ನೆಟ್ಟನ್ನು ಸೊರಗಿಸಿರಬಹುದು. ಇದೇ ಕಂಟ್ರೋಲರಿನೊಂದಿಗೆ ತಮ್ಮ ಹಳೆಯ ಬ್ಯಾಚು ಎರಡು ಮುಂಗಾರು ದುಡಿದಿದೆ ಎಂಬುದು ಒಂದು ಉತ್ತರ. ಆದರೆ ಹೊಲದಲ್ಲಿ ಏನೇನೋ ಆಗಿರುತ್ತದೆ, ಆ ಉತ್ತರವೊಂದೇ ಸಾಲದು ಎಂದು ನಮಗೂ ಅನ್ನಿಸಿತು. ಹೊಲವನ್ನೂ ಕಂಟ್ರೋಲರನ್ನೂ ಪೂರ್ತಿ ಹೊರಗಿಟ್ಟ ಪರೀಕ್ಷೆ ಬೇಕಿತ್ತು.

ಒವನ್ ಪರೀಕ್ಷೆ, ಆಗಸ್ಟ್ 3ರಿಂದ 6

ಡಬ್ಬಿಯಿಂದ ಆಗಷ್ಟೇ ತೆಗೆದ, ಒಮ್ಮೆಯೂ ಹೊರೆ ಕಾಣದ ಎರಡು ಹೊಸ ಮೋಟಾರು (41 ಮತ್ತು 52ನೇ ನಂಬರು), ಜೊತೆಗೆ ಹಳೆಯ ಬ್ಯಾಚಿನ ಆ ಸ್ಪೇರ್, ಈ ಮೂರನ್ನೂ ಪಕ್ಕದ ಪೌಡರ್ ಕೋಟಿಂಗ್ ಶೆಡ್ಡಿನ ಒವನ್‌ನಲ್ಲಿ ಒಟ್ಟಿಗೆ ಇಟ್ಟೆವು. ಒವನ್ ಬಾಗಿಲ ಮೇಲೆ ಕಾಣುವ ಅಂಕಿಯನ್ನು ನಂಬಬಾರದು, ಅದು ಗಾಳಿಯದು. ಮೊದಲ ದಿನ ಗಾಳಿ 80 ಎಂದು 20 ನಿಮಿಷದಲ್ಲೇ ತೋರಿಸಿತು, ಮೋಟಾರಿನ ಮೈ ಆಗ ಇನ್ನೂ 50ರ ಹತ್ತಿರ ಇತ್ತು. ಇಷ್ಟು ಕಬ್ಬಿಣ ತಾಮ್ರ ಒಳಗಿನವರೆಗೆ ಕಾಯಲು ಹೊತ್ತು ಹಿಡಿಯುತ್ತದೆ. ಆದ್ದರಿಂದ ಮೋಟಾರಿನ ಮುಂಭಾಗದ ಬೋಲ್ಟ್ ತೂತಿನೊಳಗೆ ಥರ್ಮೋಕಪಲ್ ತುರುಕಿ, ಅದರ ಓದು ಬೇಕಾದ ಅಂಕಿಗೆ ಮುಟ್ಟಿದ ಮೇಲೆ ಗಡಿಯಾರ ನೋಡಿ ಎರಡು ಗಂಟೆ ಇಟ್ಟೆವು.

ಆಮೇಲೆ ಹೊರಗೆ ತೆಗೆದು ರಾತ್ರಿಯಿಡೀ ತಣ್ಣಗಾಗಲು ಬಿಟ್ಟು ಮರುದಿನ ಬೆಳಿಗ್ಗೆ ಲೇತಿಗೆ ಹಾಕಿದೆವು. ತಣ್ಣಗಾದ ಮೇಲೆಯೇ ಅಳೆಯಬೇಕು ಎಂಬುದು ಈ ಪರೀಕ್ಷೆಯ ಜೀವ. ನಿಯೋಡಿಮಿಯಂ ಮ್ಯಾಗ್ನೆಟ್ ಎಷ್ಟೇ ಒಳ್ಳೆಯದಿರಲಿ, ಬಿಸಿಯಾಗಿದ್ದಾಗ ಪ್ರತಿ ಡಿಗ್ರಿಗೆ ಶೇಕಡಾ 0.12ರಷ್ಟು ಇಳಿದೇ ಇರುತ್ತದೆ. 30ರಿಂದ 100 ಡಿಗ್ರಿಗೆ ಹೋದರೆ ಶೇಕಡಾ 8ರಷ್ಟು. ಆ ಇಳಿತ ತಣ್ಣಗಾದಾಗ ತಾನಾಗಿ ಮರಳುತ್ತದೆ, ಅದು ದೋಷವಲ್ಲ. ಬಿಸಿ ಇರುವಾಗಲೇ ಅಳೆದು "ಶೇಕಡಾ 8 ಹೋಯಿತು" ಎಂದು ದೂರಿದ್ದರೆ ತಪ್ಪು ನಮ್ಮದಾಗುತ್ತಿತ್ತು. ತಣ್ಣಗಾದರೂ ಮರಳದೆ ಉಳಿದದ್ದು ಎಷ್ಟೋ ಅದೇ ಶಾಶ್ವತ ನಷ್ಟ.

ಬಂದ ಅಂಕಿಗಳು ಇವು. ಎಲ್ಲವೂ 100 ಹರ್ಟ್ಝ್‌ಗೆ ವೋಲ್ಟ್, ಎಲ್ಲವೂ 27-28 ಡಿಗ್ರಿಗೆ ತಣ್ಣಗಾದ ಮೇಲಿನವು.

| ಮೋಟಾರು | ಮೊದಲು | 80 ಡಿಗ್ರಿ ಆದ ಮೇಲೆ | 100 ಡಿಗ್ರಿ ಆದ ಮೇಲೆ | 120 ಡಿಗ್ರಿ ಆದ ಮೇಲೆ |
|---|---|---|---|---|
| ಹಳೆಯ ಬ್ಯಾಚು, ಸ್ಪೇರ್ | 14.1 | 14.1 | 14.1 | 14.0 |
| ಹೊಸ ಬ್ಯಾಚು, 41 | 13.7 | 13.6 | 12.9 | 11.6 |
| ಹೊಸ ಬ್ಯಾಚು, 52 | 13.7 | 13.7 | 13.0 | 11.8 |

ಹಳೆಯದು 120 ಡಿಗ್ರಿ ಕಂಡರೂ ಅಲುಗಲಿಲ್ಲ. 0.1ರ ವ್ಯತ್ಯಾಸ ನಮ್ಮ ಮೀಟರಿನ ಮಿತಿಯೊಳಗಿನದು. ಹೊಸವು 80ರವರೆಗೆ ನಿಂತು, 100ಕ್ಕೆ ಜಾರಿ, 120ಕ್ಕೆ ಶೇಕಡಾ 14-15ರಷ್ಟು ಕಳೆದುಕೊಂಡವು. ಹೊಲದಿಂದ ಬಂದ 17ನೇ ನಂಬರಿನ 11.8ಕ್ಕೂ ಒವನ್‌ನಿಂದ ಬಂದ 52ನೇ ನಂಬರಿನ 11.8ಕ್ಕೂ ವ್ಯತ್ಯಾಸವಿಲ್ಲ. ಒವನ್‌ನಲ್ಲಿ ಕುಂಟೆ ಇಲ್ಲ, ಎರೆ ಮಣ್ಣಿಲ್ಲ, ಕಂಟ್ರೋಲರ್ ಇಲ್ಲ, ಒಂದು ಆಂಪ್ ಕರೆಂಟೂ ಇಲ್ಲ. ತಾವು ಲಿಖಿತವಾಗಿ ಹೇಳಿದ ಬಿಸಿಯಷ್ಟನ್ನೇ ಕೊಟ್ಟದ್ದಕ್ಕೆ ಮೋಟಾರು ಸೋತಿದೆ. ಕೊನೆಯ ದಿನ ಮೂರರ ಹಾಲ್ ಸೆನ್ಸರ್, ಬೇರಿಂಗ್, ರೆಸಿಸ್ಟೆನ್ಸ್ ಮತ್ತೆ ನೋಡಿದೆವು, ಎಲ್ಲ ಮೊದಲಿನಂತೆಯೇ ಇದ್ದವು.

ಈ ನಡವಳಿಕೆ ಎಚ್ ಗ್ರೇಡಿನದಲ್ಲ, 80 ಡಿಗ್ರಿಯ ಸಾದಾ ಮ್ಯಾಗ್ನೆಟ್ಟಿನದು ಎಂಬುದು ನಮ್ಮ ತೀರ್ಮಾನ. ಗ್ರೇಡನ್ನು ನೇರವಾಗಿ ಸಾಬೀತುಪಡಿಸಬೇಕಾದರೆ ಮ್ಯಾಗ್ನೆಟ್ ಕಿತ್ತು ಪ್ರಯೋಗಾಲಯದಲ್ಲಿ ಬಿಸಿಯಲ್ಲಿ ಬಿ-ಎಚ್ ಕರ್ವ್ ತೆಗೆಸಬೇಕು. ಅದನ್ನು ತಮ್ಮ ಪ್ರತಿನಿಧಿಯ ಎದುರಿಗೇ ಮಾಡಿಸೋಣ ಎಂದು ಬಿಟ್ಟಿದ್ದೇವೆ. ಬೇಕಿದ್ದರೆ 41ನೇ ನಂಬರನ್ನು ಅದಕ್ಕೇ ಇಟ್ಟುಕೊಳ್ಳಿ.

ಡಬ್ಬಿಯಲ್ಲಿ ಉಳಿದ 26ನ್ನೂ ಒವನ್‌ಗೆ ಮುಂಚೆಯೇ ಲೇತಿಗೆ ಹಾಕಿ ನೋಡಿದ್ದೆವು. 13.6ರಿಂದ 13.8ರೊಳಗೆ ಎಲ್ಲವೂ ಒಂದೇ ಅಚ್ಚಿನವು. ಒಂದೆರಡು ಕೆಟ್ಟವು ನಡುವೆ ನುಸುಳಿದ್ದಲ್ಲ, ಇಡೀ ಬ್ಯಾಚಿಗೇ ಬೇರೆ ಮ್ಯಾಗ್ನೆಟ್ ಬಿದ್ದಿದೆ ಎಂದು ನಾವು ಹೇಳುವುದು ಇದರ ಮೇಲೆ. "ಹಾಗಾದರೆ 13 ಯಂತ್ರ ಚೆನ್ನಾಗಿಯೇ ಓಡುತ್ತಿವೆಯಲ್ಲ" ಎಂದು ತಾವು ಕೇಳಬಹುದು. ಆ 13ರಲ್ಲಿ ಹೆಚ್ಚಿನವು ಶಿರಹಟ್ಟಿ, ಮುಂಡರಗಿ ಕಡೆಯ ಮಸಾರಿ ಭೂಮಿಯಲ್ಲಿವೆ. ಅಲ್ಲಿ ಮಣ್ಣು ಹಗುರ, ಕರೆಂಟ್ ಕಡಿಮೆ, ಬಿಸಿಯೂ ಕಡಿಮೆ. ಅವುಗಳಲ್ಲಿ ನಾಲ್ಕನ್ನು ಸರ್ವಿಸ್ ನೆಪದಲ್ಲಿ ತರಿಸಿ ಅಳೆದೆವು: 13.6, 13.5, 13.3, 13.1. ಎರಡರಲ್ಲಿ ಇಳಿತ ಆಗಲೇ ಶುರುವಾಗಿದೆ. ಅವು ಒಳ್ಳೆಯ ಮೋಟಾರುಗಳಲ್ಲ, ಇನ್ನೂ ಕಾಯದ ಮೋಟಾರುಗಳು.

ತಮ್ಮ ಟೆಸ್ಟ್ ಸರ್ಟಿಫಿಕೇಟಿನಲ್ಲಿ ಪ್ರತಿ ಮೋಟಾರಿಗೂ ಖಾಲಿ ಓಟದ ಕರೆಂಟ್, ವೇಗ, ಇನ್ಸುಲೇಶನ್ ಇವಿಷ್ಟೇ ಇವೆ, ಎಲ್ಲಕ್ಕೂ ಪಾಸ್ ಎಂದಿದೆ. ಅದು ಸುಳ್ಳೆಂದು ನಾವು ಹೇಳುತ್ತಿಲ್ಲ. ತಣ್ಣನೆಯ ಮೋಟಾರನ್ನು ಎರಡು ನಿಮಿಷ ಖಾಲಿ ಓಡಿಸಿದರೆ ಸಾದಾ ಮ್ಯಾಗ್ನೆಟ್ಟೂ ಎಚ್ ಗ್ರೇಡೂ ಒಂದೇ ತರಹ ಕಾಣುತ್ತವೆ. ನಮ್ಮ ಒಳಬರುವ ಮಾಲಿನ ತಪಾಸಣೆಯೂ ಖಾಲಿ ಓಟದ್ದೇ ಆಗಿತ್ತು, ಆದ್ದರಿಂದ ನಮ್ಮ ಕೈಯಿಂದಲೂ ಅವು ದಾಟಿಹೋದವು. ಇನ್ನು ಮುಂದೆ ಪ್ರತಿ ಬ್ಯಾಚಿನಿಂದ ಎರಡು ಮೋಟಾರನ್ನು 120 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟು, ತಣ್ಣಗಾದ ಮೇಲೆ ಮೂರೂ ಜೋಡಿ ಅಳೆದು, ಮೊದಲಿನ ಅಂಕಿಗಿಂತ ಶೇಕಡಾ 2ಕ್ಕಿಂತ ಹೆಚ್ಚು ಇಳಿದರೆ ಪೂರ್ತಿ ಬ್ಯಾಚ್ ತೆಗೆದುಕೊಳ್ಳುವುದಿಲ್ಲ. ಈ ಷರತ್ತು ಮುಂದಿನ ಪರ್ಚೇಸ್ ಆರ್ಡರಿನಲ್ಲಿ ಬರೆದೇ ಬರುತ್ತದೆ. ತಮ್ಮ ಕಡೆಯೂ ಇದನ್ನು ಮಾಡಿ ಅಂಕಿಗಳನ್ನು ಸರ್ಟಿಫಿಕೇಟಿನಲ್ಲಿ ಕೊಡಿ.

ನಮಗೆ ಬೇಕಾದದ್ದು

ಬಳಸದ 26, ವಾಪಸ್ ಬಂದ 21, ರೈತರ ಬಳಿ ಇರುವ 13, ಒಟ್ಟು 60ಕ್ಕೂ ಎಚ್ ಗ್ರೇಡ್ ಮ್ಯಾಗ್ನೆಟ್ಟಿನ ಮೋಟಾರು ಬದಲಿಗೆ ಕೊಡಿ. ಬದಲಿ ಮೋಟಾರಿಗೆ ಮ್ಯಾಗ್ನೆಟ್ ತಯಾರಕರ ಗ್ರೇಡ್ ಸರ್ಟಿಫಿಕೇಟು ಜೊತೆಗಿರಲಿ. ಮೊದಲ ಕಂತಿನಲ್ಲಿ 21 ಆಗಸ್ಟ್ 25ರೊಳಗೆ ಹುಬ್ಬಳ್ಳಿ ಮುಟ್ಟಬೇಕು. ಹತ್ತಿ ಮತ್ತು ಮೆಣಸಿನಕಾಯಿ ಹೊಲಗಳಲ್ಲಿ ಎಡೆ ಹೊಡೆಯುವುದು ಇನ್ನೂ ಬಾಕಿ ಇದೆ, ಸಾಲು ಕೂಡಿಕೊಂಡ ಮೇಲೆ ಯಂತ್ರ ಒಳಗೆ ಹೋಗುವುದಿಲ್ಲ. ಯಂತ್ರ ನಿಂತ ರೈತರು ಈಗ ದಿನಕ್ಕೆ ಬಾಡಿಗೆ ಎತ್ತು ಹುಡುಕುತ್ತಿದ್ದಾರೆ. ಆ ನಷ್ಟ ಈ ಪತ್ರದ ಲೆಕ್ಕದಲ್ಲಿ ಸೇರಿಲ್ಲ, ಆದರೆ ಆಗುತ್ತಿರುವುದು ನಿಜ.

ಬದಲಿ ಕೊಡಲು ಆಗದಿದ್ದರೆ 60ರ ಪೂರ್ತಿ ಮೊತ್ತಕ್ಕೆ ಜಿಎಸ್‌ಟಿ ಸಮೇತ ಕ್ರೆಡಿಟ್ ನೋಟ್ ಕೊಡಿ. ಸಿಜಿಎಸ್‌ಟಿ ಕಾಯ್ದೆಯ 34ನೇ ಸೆಕ್ಷನ್ನಿನಲ್ಲಿ ಕೊರತೆ ಇರುವ ಮಾಲಿಗೂ ವಾಪಸಾದ ಮಾಲಿಗೂ ಅದಕ್ಕೆ ಅವಕಾಶವಿದೆ. ಮಾಲು ಹೋಗಿ ಬರುವ ಲಾರಿ ಬಾಡಿಗೆ ಮತ್ತು 34 ಯಂತ್ರಗಳಿಂದ ಮೋಟಾರು ಬಿಚ್ಚಿ ಕೂಡಿಸುವ ಮಜೂರಿ ತಮ್ಮ ಕಡೆಯಿಂದ ಆಗಬೇಕು. ಆರ್ಡರಿನಲ್ಲಿ ಬರೆದ ವಿವರಣೆಗೆ ಮಾಲು ಹೊಂದಬೇಕು ಎಂಬುದು 1930ರ ಸರಕು ಮಾರಾಟ ಕಾಯ್ದೆಯ 15ನೇ ಸೆಕ್ಷನ್ನಿನ ಷರತ್ತು. ಎಚ್ ಗ್ರೇಡ್ ಎಂದು ಬರೆದು ಅದು ಬಾರದಿದ್ದರೆ ಆ ಷರತ್ತು ಮುರಿದಂತೆಯೇ. ಕಾಯ್ದೆಯ ಹಾದಿ ಹಿಡಿಯುವ ಮನಸ್ಸು ನಮಗಿಲ್ಲ. ತಮ್ಮ ಹಳೆಯ ಬ್ಯಾಚು ಎಂಥ ಒಳ್ಳೆಯ ಮೋಟಾರು ಎಂಬುದನ್ನು ಮೇಲಿನ ಕೋಷ್ಟಕವೇ ಹೇಳುತ್ತದೆ, ಅಂಥದ್ದೇ ಮೋಟಾರು ನಮಗೆ ಮತ್ತೆ ಬೇಕು.

ಎರಡು ಪರಿಹಾರಗಳನ್ನು ಮಾತ್ರ ದಯವಿಟ್ಟು ಮುಂದಿಡಬೇಡಿ. ಒಂದು, ಇವೇ ರೋಟರುಗಳಿಗೆ ಮತ್ತೆ ಮ್ಯಾಗ್ನೆಟೈಸ್ ಮಾಡಿ ಕಳಿಸುವುದು. ಮೆಷಿನ್ನಿಗೆ ಹಾಕಿದ ದಿನ 13.7 ಮತ್ತೆ ಬರುತ್ತದೆ, ಆದರೆ ಮ್ಯಾಗ್ನೆಟ್ಟಿನ ಗ್ರೇಡ್ ಬದಲಾಗುವುದಿಲ್ಲ. ಮುಂದಿನ ಬಿಸಿಗೆ ಅದು ಮತ್ತೆ ಇಳಿಯುತ್ತದೆ. ಇನ್ನೊಂದು, ಕಂಟ್ರೋಲರಿನ ಮಿತಿಯನ್ನು 30ರಿಂದ 20 ಆಂಪ್‌ಗೆ ಇಳಿಸಿ ಎನ್ನುವುದು. ಒಳ್ಳೆಯ ಮೋಟಾರಿಗೇ ಎರೆ ಹೊಲದ ಸಾಲಿನಲ್ಲಿ 22 ಆಂಪ್ ಬೇಕಾಗುತ್ತದೆ ಎಂದು ಮೇಲೆ ಬರೆದಿದ್ದೇವೆ. ಮಿತಿ 20 ಆದರೆ ಕುಂಟೆ ಮಣ್ಣಿಗೆ ಇಳಿಯುವುದೇ ಇಲ್ಲ.

ಪರೀಕ್ಷೆಗೆ ತಮ್ಮ ಎಂಜಿನಿಯರರನ್ನು ಆಗಸ್ಟ್ 18ರೊಳಗೆ ಯಾವ ದಿನವಾದರೂ ಕಳಿಸಿ, ಒಂದು ದಿನ ಮುಂಚೆ ಫೋನ್ ಮಾಡಿದರೆ ಸಾಕು. ಲೇತ್ ಬಿಡುವಾಗಿ ಇಡುತ್ತೇವೆ. ಅವರು ತಮ್ಮದೇ ಮೀಟರ್ ತರಲಿ. ಒವನ್ ಕಾಣದೆ ಉಳಿದ 24ರಲ್ಲಿ ಯಾವ ಎರಡನ್ನು ಒವನ್‌ಗೆ ಇಡಬೇಕು ಎಂಬುದನ್ನು ಅವರೇ ಆರಿಸಲಿ. ರಾತ್ರಿ ತಣ್ಣಗಾಗಲು ಬಿಡಬೇಕಾದ್ದರಿಂದ ಎರಡು ದಿನ ಉಳಿಯುವ ತಯಾರಿಯಲ್ಲಿ ಬರಲಿ. ಪ್ರತಿ ಮೋಟಾರಿನ ಸೀರಿಯಲ್ ನಂಬರು, ಮೂರು ಜೋಡಿಯ ವೋಲ್ಟ್, ಹರ್ಟ್ಝ್, ಅಳೆದ ಹೊತ್ತಿನ ಉಷ್ಣಾಂಶ ಬರೆದ ನಾಲ್ಕು ಪುಟದ ಪಟ್ಟಿ, ಮೀಟರಿನ ಫೋಟೊಗಳು, ಪರ್ಚೇಸ್ ಆರ್ಡರ್ ಮತ್ತು ತಮ್ಮ ಕೊಟೇಶನ್ನಿನ ಪ್ರತಿ ಇದರೊಂದಿಗೆ ಇವೆ.

ತಮ್ಮ ವಿಶ್ವಾಸಿ,
ಮಾಲೀಕರು, ಕೃಷಿ ಯಂತ್ರಗಳ ವರ್ಕ್‌ಶಾಪ್
ಹುಬ್ಬಳ್ಳಿ